ನಾಲ್ಕು ಮೀಟರಿನಿಂದ ಆಚೆ ಚೀಲವೇ ಇಲ್ಲ, ಪ್ಲಸ್ ಟರ್ಮ್ ಎಂತಕ್ಕೆ?

ಪ್ರಶ್ನೆ: ಸರ್, ನಾನು ಸಿರ್ಸಿ ಹತ್ರದವನು, ಸಿವಿಲ್ ಓದ್ತಾ ಇದ್ದೇನೆ. ನಮ್ಮನೆ ಅಡಿಕೆ ಗೋದಾಮಿಗೆ ಅಟ್ಟ ಹಾಕ್ಬೇಕು, 6 ಮೀಟರ್ ಸ್ಪ್ಯಾನಿನ ಒಂದು ಐ-ಬೀಮು, ಎರಡೂ ಕಡೆ ಗೋಡೆ ಮೇಲೆ ಸುಮ್ನೆ ಕೂತಿರ್ತದೆ. ಎಡಗಡೆಯಿಂದ 1 ಮೀಟರಲ್ಲಿ ಮಾಡಿನ ಕಂಬದಿಂದ 12 kN, 5 ಮೀಟರಲ್ಲಿ ಇನ್ನೊಂದು ಕಂಬದಿಂದ 18 kN, 2 ರಿಂದ 4 ಮೀಟರ್ ವರೆಗೆ ಚಾಲಿ ಚೀಲ ಪೇರಿಸಿದ್ದಕ್ಕೆ 6 kN/m. ಮೆಕಾಲೆ ಮೆಥಡಲ್ಲಿ ಮಾಡಿದೆ, ನೋಟ್ಸಲ್ಲಿ ಇದ್ದ ಹಾಗೆ 4 ಮೀಟರ್ ಹತ್ರ ಒಂದು ಪ್ಲಸ್ ಟರ್ಮ್ ಸೇರಿಸಿದೆ, ಅದು ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ. C2 ಅಂತೂ −437 ಬಂತು, ಐಎಸ್‌ಎಂಬಿ 200 ಹಾಕಿದ್ರೆ ಮಧ್ಯದಲ್ಲಿ 69 ಮಿಮೀ ಬಾಗ್ತದೆ ಅಂತ ಬರ್ತಾ ಇದೆ. ಎಲ್ಲಿ ತಪ್ಪಿದೆ?

ಉತ್ತರ: ತಮಾ, ನಿನ್ನ −437 ನೋಡಿದ ಕೂಡ್ಲೇ ತಪ್ಪು ಎಲ್ಲಿ ಅಂತ ಗೊತ್ತಾಯ್ತು, ನೀನು ಸಮೀಕರಣ ಸರಿಯಾಗೇ ಬರೆದಿದ್ದೀಯ, ಇಂಟಿಗ್ರೇಷನ್ನೂ ಸರಿ ಉಂಟು, ಆದ್ರೆ x = 0 ಹಾಕುವಾಗ ಬ್ರಾಕೆಟ್ಟನ್ನು ಮಾಮೂಲಿ ಬ್ರಾಕೆಟ್ ಹಾಗೆ ಬಿಡಿಸ್ಬಿಟ್ಟೆ. (0−1) ಅಂದ್ರೆ −1, (0−2) ಅಂದ್ರೆ −2 ಅಂತ ಕ್ಯಾಲ್ಕುಲೇಟರಿಗೆ ಕೊಟ್ಟೆ ಅಲ್ದಾ? ನಾನೂ ಹಾಗೇ ಮಾಡಿ ನೋಡಿದೆ, 2 ಮೈನಸ್ 4 ಪ್ಲಸ್ 64 ಪ್ಲಸ್ 375, ಒಟ್ಟು 437, ಅದೇ ಉಲ್ಟಾ ಆಗಿ C2 ಆಗಿದೆ. ಈ ಚೂಪು ಬ್ರಾಕೆಟ್ ಅಂದ್ರೆ ಒಂದು ಸ್ವಿಚ್ಚು. ಒಳಗಿನ ಬೆಲೆ ಮೈನಸ್ ಆದ್ರೆ ಇಡೀ ಟರ್ಮೇ ಸೊನ್ನೆ, ವರ್ಗ ಮಾಡಿದ್ರೆ ಪ್ಲಸ್ ಆಗ್ತದಲ್ಲ ಅಂತ ವಾದ ಮಾಡೋ ಹಾಗಿಲ್ಲ. ಅದ್ರಲ್ಲೂ ನಾಲ್ಕನೇ ಘಾತ ಇದ್ದಲ್ಲಿ ಜಾಸ್ತಿ ಮೋಸ, ಯಾಕೆಂದ್ರೆ ಮೈನಸ್ ಚಿಹ್ನೆ ಮಾಯವಾಗಿ ಉತ್ತರ ನೋಡ್ಲಿಕ್ಕೆ ಸರಿ ಇದ್ದ ಹಾಗೇ ಕಾಣ್ತದೆ.

ಇದಕ್ಕೆ ಅರ್ಥವೂ ಉಂಟು. ಎಡ ಗೋಡೆಯಿಂದ ಅರ್ಧ ಮೀಟರಲ್ಲಿ ಬೀಮನ್ನು ಕತ್ತರಿಸಿ ಎಡಗಡೆ ತುಂಡು ಮಾತ್ರ ನೋಡು, ಅದ್ರ ಮೇಲೆ ಎಡ ರಿಯಾಕ್ಷನ್ ಒಂದೇ ಇರೋದು, 1 ಮೀಟರಿನ ಕಂಬ ಇನ್ನೂ ನಿನ್ನ ತುಂಡಿಗೆ ಬಂದೇ ಇಲ್ಲ. ಬಾರದೇ ಇದ್ದ ಲೋಡಿಗೆ ಮೊಮೆಂಟ್ ಎಲ್ಲಿಂದ? ಅದನ್ನೇ ಬ್ರಾಕೆಟ್ ಹೇಳ್ತಾ ಇರೋದು, ಅಷ್ಟೇ.

ಈಗ ಮೊದ್ಲಿಂದ ಬರೀವ. ರಿಯಾಕ್ಷನ್ ಮೊದ್ಲು, ಬಲ ಗೋಡೆ ಬಗ್ಗೆ ಮೊಮೆಂಟ್ ತಗೊಂಡ್ರೆ 12×5 = 60, ಚೀಲದ ಒಟ್ಟು ಭಾರ 12 kN ಅದರ ಮಧ್ಯ 3 ಮೀಟರಲ್ಲಿ, ಅಂದ್ರೆ 36, ಆಮೇಲೆ 18×1 = 18, ಒಟ್ಟು 114, ಆರರಿಂದ ಭಾಗಿಸಿದ್ರೆ ಎಡ ರಿಯಾಕ್ಷನ್ 19 kN. ಒಟ್ಟು ಭಾರ 42, ಹಾಗಾಗಿ ಬಲಗಡೆ 23. (12 kN ಚೀಲ ಅಂದ್ರೆ ಸುಮಾರು 1220 ಕೆಜಿ, 65 ಕೆಜಿ ಚೀಲ ಆದ್ರೆ ಹತ್ತೊಂಬತ್ತರ ಹತ್ರ. ಅಪ್ಪನ ಹತ್ರ ಒಮ್ಮೆ ಕೇಳು, ಸೀಸನ್ನಲ್ಲಿ ಅಷ್ಟಕ್ಕೇ ನಿಲ್ತದಾ ಅಂತ. ನನಗೆ ಅನುಮಾನ.)

ಇನ್ನು ಬೀಮನ್ನು ಎಲ್ಲಿ ಕತ್ತರಿಸೋದು? ಬಲ ತುದಿಗೆ ತೀರಾ ಹತ್ರ, 5 ಮೀಟರಿನ ಕಂಬ ದಾಟಿ ಆಚೆ. ಅಲ್ಲಿ ಕತ್ತರಿಸಿದ್ರೆ ಎಲ್ಲಾ ಲೋಡು ಎಡ ತುಂಡಿನೊಳಗೇ ಬರ್ತದೆ, ಒಂದೇ ಸಾಲಲ್ಲಿ ಎಲ್ಲವನ್ನೂ ಬರೀಬಹುದು. ಹಾಗೆ ಮಾಡದಿದ್ರೆ ನಿನ್ನ ಬೀಮಿಗೆ ಐದು ತುಂಡು, ಒಂದೊಂದಕ್ಕೂ ಎರಡು ಕಾನ್‌ಸ್ಟಂಟ್, ಹತ್ತು ಅಜ್ಞಾತ, ಅದನ್ನು ಬಿಡಿಸ್ತಾ ಕೂತ್ರೆ ಚಹಾ ತಣ್ಣಗಾಗ್ತದೆ.

ಈಗ ನಿನ್ನ ಪ್ಲಸ್ ಟರ್ಮಿಗೆ ಬರ್ತೇನೆ, ನಿಜವಾದ ಪ್ರಶ್ನೆ ಅದೇ. ಸ್ವಿಚ್ಚು ಅಂದೆ ಅಲ್ದಾ, ಈ ಸ್ವಿಚ್ಚಿಗೆ ಒಂದು ದೋಷ ಉಂಟು, ಒಮ್ಮೆ ಆನ್ ಆದ್ರೆ ಆಫ್ ಆಗೋದೇ ಇಲ್ಲ. ⟨x−2⟩² ಅಂತ ಬರೆದ ಕೂಡ್ಲೇ 2 ಮೀಟರಲ್ಲಿ ಚೀಲ ಶುರುವಾಗಿ ಬಲ ಗೋಡೆ ತನಕ ಹೋಗ್ತಾನೇ ಇರ್ತದೆ, 4 ಮೀಟರಲ್ಲಿ ನಿಲ್ಲು ಅಂತ ಹೇಳ್ಲಿಕ್ಕೆ ಈ ಬರವಣಿಗೆಯಲ್ಲಿ ಜಾಗವೇ ಇಲ್ಲ. ಹಾಗಾಗಿ ಹೀಗೆ ಯೋಚಿಸು, ಚೀಲ ಗೋಡೆ ತನಕ ಪೂರ್ತಿ ಪೇರಿಸಿಬಿಡು, ಆಮೇಲೆ 4 ರಿಂದ 6 ರ ವರೆಗೆ ಯಾರೋ ಅಡಿಯಿಂದ ಮೀಟರಿಗೆ ಅದೇ 6 kN ಬಲದಲ್ಲಿ ಮೇಲಕ್ಕೆ ಎತ್ತಿ ಹಿಡಿದಿದ್ದಾರೆ ಅಂದ್ಕೋ. ಕೆಳಗೆ ಒತ್ತೋದು ಆರು, ಮೇಲೆ ಎತ್ತೋದು ಆರು, ಆ ಭಾಗದಲ್ಲಿ ಚೀಲ ಇಲ್ಲದ ಹಾಗೇ ಆಯ್ತು. ಮೇಲೆ ಎತ್ತುವ ಆ ಕೈಯೇ ನಿನ್ನ ಪ್ಲಸ್ ಟರ್ಮು.

ನಂಬಿಕೆ ಬಾರದಿದ್ರೆ x = 5 ರಲ್ಲಿ ಪರೀಕ್ಷೆ ಮಾಡು. ನಿಜವಾದ ಚೀಲ 12 kN, ಅದರ ಮಧ್ಯ 3 ಮೀಟರಲ್ಲಿ, 5 ಮೀಟರಿನಿಂದ ನೋಡಿದ್ರೆ ದೂರ 2, ಮೊಮೆಂಟ್ 24. ಬ್ರಾಕೆಟ್ ಲೆಕ್ಕದಲ್ಲಿ 3×3² = 27, ಅದ್ರಲ್ಲಿ 3×1² = 3 ಕಳೆದ್ರೆ ಅದೇ 24. ಇನ್ನೇನು ಬೇಕು ಮಾರಾಯಾ.

ಇಡೀ ಬೀಮಿನ ಸಾಲು ಹೀಗೆ, ಮೊಮೆಂಟ್ ಕೆಳಗೆ ಬಾಗಿಸುವಂಥದ್ದು ಪ್ಲಸ್, y ಮೇಲಕ್ಕೆ ಪ್ಲಸ್ ಅಂತ ಹಿಡಿದಿದ್ದೇನೆ, ಅಂದ್ರೆ ಕೊನೆಗೆ ಉತ್ತರ ಮೈನಸ್ ಬಂದ್ರೆ ಅದು ಕೆಳಗೆ ಬಾಗಿದೆ ಅಂತ:

```
EI y'' = 19x - 12⟨x-1⟩ - 3⟨x-2⟩² + 3⟨x-4⟩² - 18⟨x-5⟩

EI y'  = 9.5x² - 6⟨x-1⟩² - ⟨x-2⟩³ + ⟨x-4⟩³ - 9⟨x-5⟩² + C1

EI y   = (19/6)x³ - 2⟨x-1⟩³ - ¼⟨x-2⟩⁴ + ¼⟨x-4⟩⁴ - 3⟨x-5⟩³ + C1·x + C2
```

ಇಂಟಿಗ್ರೇಟ್ ಮಾಡುವಾಗ ಬ್ರಾಕೆಟ್ಟನ್ನು ಇಡಿಯಾಗಿ ಒಂದೇ ಗಂಟು ಅಂತ ನೋಡ್ಬೇಕು, ಬಿಡಿಸೋ ಹಾಗಿಲ್ಲ. ಇದನ್ನು ಕ್ಲಾಸಲ್ಲಿ ರೂಲು ಅಂತ ಹೇಳಿ ಬಿಟ್ಬಿಡ್ತಾರೆ, ಎಂತಕ್ಕೆ ಅಂತ ಹೇಳೋದು ಕಮ್ಮಿ. (x−1) ಅನ್ನು ಬಿಡಿಸಿ ಇಂಟಿಗ್ರೇಟ್ ಮಾಡಿದ್ರೆ x²/2 − x ಬರ್ತದೆ, x = 1 ಹಾಕಿದ್ರೆ ಅದು −½, ಸೊನ್ನೆ ಅಲ್ಲ. ಅಂದ್ರೆ 1 ಮೀಟರಿಗೆ ಬಂದು ಸ್ವಿಚ್ಚು ಆನ್ ಆದ ಕ್ಷಣದಲ್ಲೇ ಸ್ಲೋಪು ಧಡಕ್ಕಂತ ಹಾರ್ತದೆ, 12 ರಿಂದ ಗುಣಿಸಿ EI ಲೆಕ್ಕದಲ್ಲಿ 6 ರಷ್ಟು. ಸ್ಲೋಪು ಹಾರೋದು ಅಂದ್ರೆ ಬೀಮು ಅಲ್ಲಿ ಮುರಿದ ಕೋಲಿನ ಹಾಗೆ ಮೂಲೆ ಮಾಡಿಕೊಂಡಿದೆ ಅಂತ ಅರ್ಥ, ಕಂಬ ಇಟ್ಟ ಮಾತ್ರಕ್ಕೆ ಕಬ್ಬಿಣದ ಬೀಮು ಹಾಗೆ ಮುರಿಯಲ್ಲ. ಗಂಟಾಗಿ ಇಟ್ಕೊಂಡು ½⟨x−1⟩² ಅಂತ ಬರೆದ್ರೆ x = 1 ರಲ್ಲಿ ಅದು ಸೊನ್ನೆಯಿಂದಲೇ ಶುರುವಾಗ್ತದೆ, ಸ್ಲೋಪೂ ಕೂಡ್ತದೆ, ಮುಂದೆ ಡಿಫ್ಲೆಕ್ಷನ್ನೂ ಕೂಡ್ತದೆ. ಹಾಗಾಗಿಯೇ ಐದು ತುಂಡಿಗೂ ಅದೇ C1, ಅದೇ C2 ಸಾಕಾಗೋದು, ಹತ್ತು ಕಾನ್‌ಸ್ಟಂಟು ಎರಡಕ್ಕೆ ಇಳಿಯೋ ಗುಟ್ಟೆಲ್ಲ ಇದ್ರಲ್ಲೇ ಇರೋದು. ಈ ಬರವಣಿಗೆಯನ್ನು ಡಬ್ಲ್ಯು. ಎಚ್. ಮೆಕಾಲೆ 1919 ರಲ್ಲಿ ಕೊಟ್ಟದ್ದು, ಅದೇ ಉಪಾಯ ಜರ್ಮನಿಯ ಕ್ಲೆಬ್ಶ್ 1862 ರಲ್ಲೇ ಮಾಡಿದ್ದ. ನಮ್ಮಲ್ಲಿ ಇಂಗ್ಲಿಷ್ ಶಿಕ್ಷಣ ತಂದ ಮೆಕಾಲೆ ಇವನಲ್ಲ, ಪ್ರತಿ ವರ್ಷ ಯಾರಾದ್ರೂ ಒಬ್ರು ಕೇಳ್ತಾರೆ ಅಂತ ಹೇಳ್ದೆ.

ಕಾನ್‌ಸ್ಟಂಟು ಈಗ ಎರಡು ನಿಮಿಷದ ಕೆಲ್ಸ. x = 0 ರಲ್ಲಿ ಎಲ್ಲಾ ಬ್ರಾಕೆಟ್ಟೂ ಆಫ್, ಗೋಡೆ ಮೇಲೆ y ಸೊನ್ನೆ, ಹಾಗಾಗಿ C2 = 0. x = 6 ರಲ್ಲಿ ಎಲ್ಲವೂ ಆನ್:

```
684 - 250 - 64 + 4 - 3 + 6·C1 = 0
371 + 6·C1 = 0
C1 = -61.83
```

C1 ಅಂದ್ರೆ ಸುಮ್ನೆ ಒಂದು ನಂಬರಲ್ಲ, ಎಡ ಗೋಡೆ ಮೇಲೆ ಬೀಮಿನ ಸ್ಲೋಪು, EI ಯಿಂದ ಗುಣಿಸಿದ್ದು. ಭಾರ ಎಲ್ಲ ಕೆಳಗೆ ಒತ್ತುವಾಗ ಎಡ ತುದಿಯಿಂದ ಬೀಮು ಇಳೀಲೇಬೇಕು, ಹಾಗಾಗಿ C1 ಮೈನಸ್ ಬರ್ಲೇಬೇಕು. ನಿನ್ನ −437 ಇಟ್ಕೊಂಡು ಹೋದ್ರೆ C1 ಪ್ಲಸ್ 11 ಬರ್ತದೆ, ಬೀಮು ಎಡ ಗೋಡೆಯಿಂದ ಮೇಲಕ್ಕೆ ಹತ್ತಿ ಹೋಗ್ತದೆ ಅಂತ. ಆ ಒಂದು ಚಿಹ್ನೆ ನೋಡಿದ್ರೂ ಸಾಕಿತ್ತು ನಿನಗೆ. ಬಲ ತುದಿಯಲ್ಲೂ ನೋಡು, 342 − 150 − 64 + 8 − 9 − 61.83 = +65.17, ಅಲ್ಲಿ ಬೀಮು ಮೇಲೆ ಹತ್ತಿ ಗೋಡೆ ಸೇರ್ತಾ ಇದೆ, ಸರಿ ಉಂಟು. ಬಲಗಡೆ ಕಂಬ ಭಾರ ಇರೋದ್ರಿಂದ ಅಲ್ಲಿಯ ಸ್ಲೋಪು ಸ್ವಲ್ಪ ಜಾಸ್ತಿ, ಅದೂ ಹೊಂದ್ತದೆ.

ಮಧ್ಯ x = 3 ರಲ್ಲಿ 85.5 − 16 − 0.25 − 185.5 = −116.25. 4 ಮತ್ತು 5 ರ ಬ್ರಾಕೆಟ್ಟು ಅಲ್ಲಿ ಆಫ್, ಅವನ್ನು ಬರೀಲೇಬೇಡ. ಆದ್ರೆ ಇದೇ ಗರಿಷ್ಠ ಅಲ್ಲ, ಯಾಕೆಂದ್ರೆ ಅಲ್ಲಿ ಸ್ಲೋಪು 85.5 − 24 − 1 − 61.83 = −1.33, ಇನ್ನೂ ಇಳೀತಾನೇ ಇದೆ. ಎಷ್ಟು ಮುಂದೆ ಹೋಗ್ಬೇಕು? ಸ್ಲೋಪು ಬದಲಾಗುವ ವೇಗವೇ ಮೊಮೆಂಟು, ಅದು ಅಲ್ಲಿ 57 − 24 − 3 = 30, ಹಾಗಾಗಿ 1.33/30 = 0.044 ಮೀಟರ್ ಮುಂದೆ, x = 3.044. ಅಲ್ಲಿ ಬೆಲೆ −116.28. ಕ್ಯೂಬಿಕ್ ಬಿಡಿಸ್ತಾ ಕೂರೋ ಅಗತ್ಯವೇ ಬರ್ಲಿಲ್ಲ ನೋಡು. ಮಧ್ಯಕ್ಕೂ ಗರಿಷ್ಠಕ್ಕೂ ವ್ಯತ್ಯಾಸ ನಗಣ್ಯ, ಗೋಡೆಯಿಂದ ಗೋಡೆಗೆ ಕೂತ ಬೀಮಿಗೆ ಲೋಡು ಎಲ್ಲ ಕೆಳಮುಖ ಇದ್ರೆ ಹೆಚ್ಚುಕಮ್ಮಿ ಹೀಗೇ, ಸೈಟಲ್ಲಿ ನಾನು ಮಧ್ಯದ್ದೇ ತಗೊಳ್ಳೋದು. ಇನ್ನೊಂದು, ಶಿಯರ್ ಸೊನ್ನೆ ಆಗೋದು 3.167 ರಲ್ಲಿ, ಗರಿಷ್ಠ ಮೊಮೆಂಟ್ ಅಲ್ಲಿ 30.1 kN·m, ಅಂದ್ರೆ ಹೆಚ್ಚು ಬಾಗೋ ಜಾಗ ಬೇರೆ, ಹೆಚ್ಚು ಮೊಮೆಂಟ್ ಇರೋ ಜಾಗ ಬೇರೆ, ಎರಡನ್ನೂ ಒಂದೇ ಅಂತ ಬರೆದು ಮಾರ್ಕು ಕಳ್ಕೊಳ್ಳೋರು ಬಹಳ.

ಈಗ ಬೀಮಿಗೆ ಬರುವ. ಐಎಸ್‌ಎಂಬಿ 200 ರ I ಬೆಲೆ 2235.4 cm⁴, ಉಕ್ಕಿನ E ಬೆಲೆ 2×10⁸ kN/m², ಎರಡನ್ನೂ ಗುಣಿಸುವಾಗ cm⁴ ಅನ್ನು 10⁻⁸ ರಿಂದ m⁴ ಮಾಡ್ಕೋ, EI ಬರೋದು 4471 kN·m². 116.28 ನ್ನು ಅದ್ರಿಂದ ಭಾಗಿಸಿದ್ರೆ 0.026 ಮೀಟರ್, 26 ಮಿಮೀ. ನಿನ್ನ 69 ಅಲ್ಲ, ಆದ್ರೂ ಪಾಸಿಲ್ಲ, ಯಾಕೆಂದ್ರೆ ಐಎಸ್ 800 ರ 2007 ರ ಆವೃತ್ತಿಯಲ್ಲಿ ಬಿರುಕು ಬಿಡುವಂಥ ಫಿನಿಶ್ ಇಲ್ಲದ ನೆಲಕ್ಕೆ ಸ್ಪ್ಯಾನ್/300, ಅಂದ್ರೆ 20 ಮಿಮೀ. (ಆ ಮಿತಿ ಇರೋದು ಲೈವ್ ಲೋಡಿಗೆ, ನಾವು ಎಲ್ಲ ಲೋಡೂ ಸೇರಿಸಿ ಹೋಲಿಸ್ತಾ ಇದ್ದೇವೆ, ಸ್ವಲ್ಪ ಬಿಗಿ ಲೆಕ್ಕ, ಮಾಡಿನ ಭಾರ ಹೊತ್ತ ಬೀಮಿಗೆ ನಾನು ಬಿಗಿಯಾಗೇ ಹೋಗ್ತೇನೆ.) ಮಜಾ ಎಂತ ಅಂದ್ರೆ ಅದೇ 200 ರ ಬೀಮಲ್ಲಿ ಸ್ಟ್ರೆಸ್ ನೋಡಿದ್ರೆ ಸುಮಾರು 135 N/mm², ಹಳೇ ವರ್ಕಿಂಗ್ ಸ್ಟ್ರೆಸ್ ಲೆಕ್ಕದ 165 ರೊಳಗೇ ಉಂಟು, ಮೇಲಿನ ಫ್ಲಾಂಜನ್ನು ಅಟ್ಟದ ಅಡ್ಡಪಟ್ಟಿಗಳು ಆಚೀಚೆ ಅಲುಗದ ಹಾಗೆ ಹಿಡಿದಿದ್ರೆ. ಅಂದ್ರೆ ಬೀಮು ಮುರಿಯಲ್ಲ, ಆದ್ರೆ ಜೋತು ಬೀಳ್ತದೆ. ಬರೀ ಸ್ಟ್ರೆಸ್ ನೋಡಿ ಬೀಮು ತರೋರ ಅಟ್ಟದ ಮೇಲೆ ನಡೆದ್ರೆ ತೂಗುಸೇತುವೆ ಹಾಗಿರೋದು ಇದಕ್ಕೇ. ಐಎಸ್‌ಎಂಬಿ 250 ಆದ್ರೆ I 5131.6 cm⁴, EI 10263, ಡಿಫ್ಲೆಕ್ಷನ್ 11.3 ಮಿಮೀ, ಸ್ವಂತ ತೂಕ ಮೀಟರಿಗೆ 37.3 ಕೆಜಿ ಸೇರಿಸಿದ್ರೂ ಇನ್ನೊಂದು 0.6 ಮಿಮೀ ಅಷ್ಟೇ. ಅದನ್ನೇ ತಗೊಳ್ಳಿ.

ಉತ್ತರ ಸರಿಯಾ ಅಂತ ಬೇರೆ ದಾರಿಯಿಂದ ನೋಡ್ಬೇಕು, ಅದೇ ಸಾಲನ್ನು ಎರಡನೇ ಸಲ ಓದಿದ್ರೆ ಅದೇ ತಪ್ಪು ಮತ್ತೆ ಸರಿ ಅಂತ ಕಾಣ್ತದೆ. ಒಂದು ಪಾಯಿಂಟ್ ಲೋಡು ಹತ್ರದ ಗೋಡೆಯಿಂದ a ದೂರದಲ್ಲಿದ್ರೆ ಮಧ್ಯದ ಡಿಫ್ಲೆಕ್ಷನ್ Pa(3L² − 4a²)/48EI. ನಿನ್ನ ಎರಡೂ ಕಂಬ ಗೋಡೆಯಿಂದ ಒಂದೊಂದು ಮೀಟರು, 12 ಕ್ಕೆ 26, 18 ಕ್ಕೆ 39. ಚೀಲವನ್ನು ಅದೇ ಸೂತ್ರದಲ್ಲಿ ಸಣ್ಣ ಸಣ್ಣ ತುಂಡು ಮಾಡಿ ಕೂಡಿಸಿದ್ರೆ 51.25. ಮೂರೂ ಸೇರಿ 116.25, ಒಂದು ಅಂಕೆ ಆಚೀಚೆ ಇಲ್ಲ.

ಆ ಪ್ಲಸ್ ಟರ್ಮು ಮರೆತ್ರೆ ಏನಾಗ್ತದೆ ಅಂತ ಹೇಳ್ತೇನೆ ಕೇಳು, ಇದು ನಾನೇ ಓದುವಾಗ ಮಾಡಿದ್ದು. 371 ರ ಬದಲು 367 ಬರ್ತದೆ, ಮಧ್ಯದಲ್ಲಿ −114.25, ಸರಿ ಉತ್ತರಕ್ಕೂ ಅದಕ್ಕೂ ಎರಡು ಪರ್ಸೆಂಟೂ ವ್ಯತ್ಯಾಸ ಇಲ್ಲ. ಚಿಹ್ನೆ ಸರಿ, ಗಾತ್ರ ಸರಿ, ನೋಡಿದ್ರೆ ಯಾರಿಗೂ ಅನುಮಾನ ಬಾರ. ನನಗೂ ಬರ್ಲಿಲ್ಲ, ಪೇಪರ್ ಕೊಟ್ಟು ಹೊರಗೆ ಬಂದ ಮೇಲೆ ಗೆಳೆಯನ ಹತ್ರ ಮಾತಾಡುವಾಗ್ಲೇ ಗೊತ್ತಾದದ್ದು. ಅವತ್ತಿಂದ ಒಂದು ಅಭ್ಯಾಸ, ಇಂಟಿಗ್ರೇಟ್ ಮಾಡೋ ಮೊದ್ಲೇ ಮೊಮೆಂಟಿನ ಸಾಲಲ್ಲಿ x = 6 ಹಾಕಿ ನೋಡೋದು. ಗೋಡೆ ಮೇಲೆ ಸುಮ್ನೆ ಕೂತ ತುದಿಯಲ್ಲಿ ಮೊಮೆಂಟ್ ಸೊನ್ನೆ ಇರ್ಲೇಬೇಕು. 114 − 60 − 48 + 12 − 18 = 0. ಪ್ಲಸ್ ಟರ್ಮು ಬಿಟ್ಟಿದ್ರೆ −12 ಬರ್ತದೆ, ಅಲ್ಲೇ ಸಿಕ್ಕಿಬೀಳ್ತೀಯ. ರಿಯಾಕ್ಷನ್ ತಪ್ಪಿದ್ರೂ ಇದೇ ಸಾಲು ಹಿಡಿದು ಕೊಡ್ತದೆ.

ಎಕ್ಸೆಲ್ಲಲ್ಲಿ ಮಾಡೋದಾದ್ರೆ ಸ್ವಿಚ್ಚಿನ ಕೆಲ್ಸ MAX ಮಾಡ್ತದೆ, ನೀನು ಮಾಡಿದ ತಪ್ಪು ಅಲ್ಲಿ ಆಗೋದೇ ಇಲ್ಲ. A2 ರಲ್ಲಿ x ಮೀಟರಲ್ಲಿ, ಉತ್ತರ ಮಿಮೀ ಲೆಕ್ಕದಲ್ಲಿ, 250 ರ ಬೀಮಿಗೆ:

```
=(19/6*A2^3-2*MAX(0,A2-1)^3-MAX(0,A2-2)^4/4
 +MAX(0,A2-4)^4/4-3*MAX(0,A2-5)^3-371/6*A2)/10263*1000
```

x = 3 ಹಾಕಿದ್ರೆ −11.33 ಬರ್ಬೇಕು, x = 6 ಹಾಕಿದ್ರೆ ಸೊನ್ನೆ.

ಒಂದು ಮಾತು ಬಾಕಿ, ಈ ಒಂದೇ ಸಾಲಿನ ಲೆಕ್ಕ ನಡೆಯೋದು ಬೀಮು ಈ ತುದಿಯಿಂದ ಆ ತುದಿಗೆ ಒಂದೇ ಅಡ್ಡಕೊಯ್ತದ್ದಾಗಿದ್ರೆ ಮಾತ್ರ. ಮಧ್ಯದಲ್ಲಿ ಫ್ಲಾಂಜಿಗೆ ಪ್ಲೇಟ್ ಬೆಸುಗೆ ಹಾಕಿ ಗಟ್ಟಿ ಮಾಡ್ತೇವೆ ಅಂದ್ರೆ EI ಬದಲಾಗ್ತದೆ, ಆಗ EI ಯನ್ನು ಹೀಗೆ ಎಡಗಡೆ ಹೊರಗಿಟ್ಟು ಇಂಟಿಗ್ರೇಟ್ ಮಾಡೋ ಹಾಗಿಲ್ಲ.

200 ರ ಬೀಮು ಆಗ್ಲೇ ತಂದು ಇಟ್ಟಾಗಿದೆ ಅಂತಾದ್ರೆ ಅಪ್ಪ ಒಂದು ಕೇಳಬಹುದು, ಚೀಲವನ್ನು ಬಲ ಗೋಡೆಗೆ ಒತ್ತಿಸಿ 4 ರಿಂದ 6 ರಲ್ಲಿ ಪೇರಿಸಿದ್ರೆ ಆಗ್ತದಾ ಅಂತ. ಅದನ್ನೂ ಮಾಡಿ ನೋಡಿದೆ. ಆಗ ಎಡ ರಿಯಾಕ್ಷನ್ 15, ಚೀಲದ್ದು −¼⟨x−4⟩⁴ ಒಂದೇ ಟರ್ಮು, ಲೋಡು ಗೋಡೆ ತನಕ ಹೋಗ್ತದಲ್ಲ, ಎತ್ತಿ ಹಿಡಿಯೋ ಕೈ ಬೇಕಾಗೇ ಇಲ್ಲ. C1 = −283/6, ಮಧ್ಯದಲ್ಲಿ 67.5 − 16 − 141.5 = −90, ಅಂದ್ರೆ 20.1 ಮಿಮೀ, ಬೀಮಿನ ಸ್ವಂತ ತೂಕ ಸೇರಿ 21 ರ ಹತ್ರ. ಅಷ್ಟು ಸರಿಸಿದ್ರೂ 200 ರ ಬೀಮು ಒಂದು ಮಿಲಿಮೀಟರಲ್ಲಿ ಫೇಲು.